ಚಾಟ್ ಮೆಸೇಜನ್ನು ಔಪಚಾರಿಕ ಇಮೇಲ್ ಮಾಡುವಾಗ ಅರ್ಥ ಕೆಡದಂತೆ ನೋಡಿಕೊಳ್ಳುವುದು ಹೇಗೆ

"ಇದನ್ನೇ ಒಂದು ಮೇಲ್ ಮಾಡಿ ಕಳಿಸಿಬಿಡಿ." ಕೆಲಸದ ಜಾಗದಲ್ಲಿ ಈ ಮಾತು ದಿನಾ ಕೇಳುತ್ತದೆ. ಚಾಟಿನಲ್ಲಿ ಹೇಳಿದ್ದು ದಾಖಲೆಗೆ ಬೇಕಾಗಿರುತ್ತದೆ, ಇಲ್ಲವೇ ಇನ್ನೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಾಗಿರುತ್ತದೆ. ಆಗ ನಮ್ಮಲ್ಲಿ ಹೆಚ್ಚಿನವರು ಆಡುಮಾತಿನ ಪದ ತೆಗೆದು ಅಲ್ಲೊಂದು ಗಟ್ಟಿ ಪದ ಕೂರಿಸುತ್ತೇವೆ. ಓದಲು ಮೇಲ್ ಗಂಭೀರವಾಗಿಯೇ ಇರುತ್ತದೆ. ಆದರೆ ಮೆಸೇಜಿನಲ್ಲಿ ಹೇಳಿದ್ದು ಒಂದು, ಮೇಲಿನಲ್ಲಿ ಹೇಳಿದ್ದು ಇನ್ನೊಂದು ಆಗಿಬಿಟ್ಟಿರುತ್ತದೆ. ಇದು ಎಲ್ಲಿ ಆಗುತ್ತದೆ, ಹೇಗೆ ತಪ್ಪಿಸಬಹುದು ಅನ್ನುವುದನ್ನು ಒಂದೇ ಮೆಸೇಜ್ ಇಟ್ಟುಕೊಂಡು ಕೊನೆತನಕ ನೋಡೋಣ.

ಒಬ್ಬ ಉದ್ಯೋಗಿ ತನ್ನ ಮ್ಯಾನೇಜರಿಗೆ ಗುರುವಾರ, ಏಪ್ರಿಲ್ 3ರಂದು ಕಳಿಸಿದ ಮೆಸೇಜ್ ಇದು ಅಂದುಕೊಳ್ಳಿ:

> ಮೇಡಂ ಸೋಮವಾರ ರಿಪೋರ್ಟ್ ಕೊಡ್ತೀನಿ ಅಂದಿದ್ನಲ್ಲ, ಆಗೋದು ಡೌಟು 😬 ಸೇಲ್ಸ್ ಟೀಮಿಂದ ಮಾರ್ಚ್ ಡೇಟಾ ಇನ್ನೂ ಬಂದಿಲ್ಲ, ಎರಡು ಸಲ ಕೇಳ್ದೆ. ಜನವರಿ ಫೆಬ್ರವರಿದು ಹೆಚ್ಚುಕಮ್ಮಿ ಮುಗ್ದಿದೆ. ನಾಳೆ ಡೇಟಾ ಸಿಕ್ರೆ ಬುಧವಾರ ಕೊಟ್ಬಿಡ್ತೀನಿ. ನೀವೊಂದ್ಸಲ ಅವ್ರಿಗೆ ಹೇಳ್ತೀರಾ? ಇಲ್ಲಾಂದ್ರೆ ಎರಡು ತಿಂಗಳದ್ದು ಮಾತ್ರ ಕಳಿಸ್ಲಾ? ಫಾರ್ಮ್ಯಾಟ್ ಹಳೇದೇ ಅಲ್ವಾ?

ಇದನ್ನು ಅವಸರದಲ್ಲಿ ಮೇಲ್ ಮಾಡಿದರೆ ಸಾಮಾನ್ಯವಾಗಿ ಹೀಗೆ ಬರುತ್ತದೆ:

> ಮಾನ್ಯರೇ,
> ಮಾರಾಟ ವಿಭಾಗದ ವಿಳಂಬದಿಂದಾಗಿ ವರದಿಯನ್ನು ನಿಗದಿತ ದಿನಾಂಕದಂದು ಸಲ್ಲಿಸಲು ಸಾಧ್ಯವಾಗುತ್ತಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ. ಸದರಿ ವರದಿಯನ್ನು ಬುಧವಾರ ಸಲ್ಲಿಸಲಾಗುವುದು. ಈ ಬಗ್ಗೆ ತಾವು ಸಂಬಂಧಪಟ್ಟವರಿಗೆ ಸೂಕ್ತ ನಿರ್ದೇಶನ ನೀಡಬೇಕಾಗಿ ವಿನಂತಿ.

ಕಾಗುಣಿತ ಸರಿ ಇದೆ, ಮರ್ಯಾದೆಯೂ ಇದೆ. ಆದರೆ ಮೆಸೇಜ್ ಪಕ್ಕದಲ್ಲಿಟ್ಟು ಓದಿ ನೋಡಿ. "ಆಗೋದು ಡೌಟು" ಅಂದಿದ್ದು "ಸಾಧ್ಯವಿಲ್ಲ" ಆಗಿದೆ. "ನಾಳೆ ಡೇಟಾ ಸಿಕ್ರೆ" ಅನ್ನುವ ಷರತ್ತು ಮಾಯವಾಗಿ, ಬುಧವಾರ ಅನ್ನುವುದು ಖಚಿತ ಮಾತಾಗಿದೆ. ಡೇಟಾ ಬಂದಿಲ್ಲ ಅಂತ ಹೇಳಿದ್ದು ಮಾರಾಟ ತಂಡದ ಮೇಲಿನ ದೂರಾಗಿದೆ. ಎರಡು ತಿಂಗಳದ್ದು ಮಾತ್ರ ಕಳಿಸಲಾ ಅನ್ನುವ ಪ್ರಶ್ನೆ, ಫಾರ್ಮ್ಯಾಟಿನ ಪ್ರಶ್ನೆ ಎರಡೂ ಇಲ್ಲವೇ ಇಲ್ಲ. ಶುಕ್ರವಾರ ಡೇಟಾ ಬರಲಿಲ್ಲ ಅಂತಿಟ್ಟುಕೊಳ್ಳಿ. ಬುಧವಾರ ಮ್ಯಾನೇಜರ್ ಈ ಮೇಲನ್ನೇ ತೆಗೆದು "ನೀವೇ ಬರೆದಿದ್ದೀರಲ್ಲ" ಅಂದರೆ ಉತ್ತರ ಕೊಡಲು ಏನೂ ಇರುವುದಿಲ್ಲ.

## ಮೊದಲು ಮೆಸೇಜನ್ನು ಬಿಡಿಸಿ ಬರೆದುಕೊಳ್ಳಿ

ಮೇಲ್ ಬರೆಯಲು ಶುರು ಮಾಡುವ ಮೊದಲು ಮೆಸೇಜಿನಲ್ಲಿ ಏನೇನಿದೆ ಅನ್ನುವುದನ್ನು ಸಾಲುಸಾಲಾಗಿ ಪಟ್ಟಿ ಮಾಡಿ. ಒಂದು ಸಾಲಿನಲ್ಲಿ ಒಂದೇ ಮಾತು ಇರಲಿ. ಭಾಷೆ ತಿದ್ದಲು ಹೋಗಬೇಡಿ, ಆಡುಮಾತಿನಲ್ಲೇ ಇರಲಿ. ನಮ್ಮ ಮೆಸೇಜಿನಲ್ಲಿ ಇಷ್ಟಿವೆ:

1. ಸೋಮವಾರ ಕೊಡ್ತೀನಿ ಅಂದಿದ್ದೆ.
2. ಸೋಮವಾರ ಆಗೋದು ಅನುಮಾನ.
3. ಅದಕ್ಕೆ ಮುಜುಗರ ಇದೆ (ಹಲ್ಲು ಕಚ್ಚಿದ ಆ ಎಮೋಜಿ ಹೇಳುತ್ತಿರುವುದು ಇದನ್ನೇ).
4. ಮಾರ್ಚ್ ಡೇಟಾ ಸೇಲ್ಸ್ ಟೀಮಿಂದ ಬಂದಿಲ್ಲ.
5. ನಾನು ಎರಡು ಸಲ ಕೇಳಿದೆ.
6. ಎರಡು ತಿಂಗಳ ಭಾಗ ಹೆಚ್ಚುಕಮ್ಮಿ ಮುಗಿದಿದೆ.
7. ನಾಳೆ ಡೇಟಾ ಸಿಕ್ಕರೆ ಬುಧವಾರ ಕೊಡ್ತೀನಿ.
8. ನೀವು ಅವರಿಗೆ ಹೇಳ್ತೀರಾ?
9. ಇಲ್ಲಾಂದ್ರೆ ಎರಡು ತಿಂಗಳದ್ದು ಮಾತ್ರ ಕಳಿಸ್ಲಾ?
10. ಫಾರ್ಮ್ಯಾಟ್ ಹಳೇದೇ ಅಂದುಕೊಂಡಿದ್ದೀನಿ, ಸರಿ ತಾನೆ?

ನಾಲ್ಕೈದು ಸಾಲಿನ ಮೆಸೇಜಿನಲ್ಲಿ ಹತ್ತು ಮಾತು. ಅವಸರದ ಮೇಲಿನಲ್ಲಿ ಉಳಿದಿದ್ದು ಅದರ ಅರ್ಧದಷ್ಟೂ ಇಲ್ಲ. ಪಟ್ಟಿ ಮಾಡದೆ ನೇರವಾಗಿ ಬರೆಯಲು ಕೂತರೆ, ಸುಲಭವಾಗಿ ಗಂಭೀರ ವಾಕ್ಯ ಆಗುವ ಮಾತುಗಳಷ್ಟೇ ಉಳಿದುಕೊಳ್ಳುತ್ತವೆ. "ಫಾರ್ಮ್ಯಾಟ್ ಹಳೇದೇ ಅಲ್ವಾ" ಅನ್ನುವಂಥ ಬಾಲದ ಪ್ರಶ್ನೆಗಳು ಮೊದಲು ಉದುರುತ್ತವೆ.

ಮೆಸೇಜ್ ಒಂದೇ ತುಂಡಾಗಿ ಬರದೆ ಐದಾರು ತುಂಡುಗಳಲ್ಲಿ ಬಂದಿದ್ದರೆ ಎಲ್ಲವನ್ನೂ ಬಂದ ಕ್ರಮದಲ್ಲೇ ಒಂದು ಕಡೆ ಹಾಕಿಕೊಳ್ಳಿ. ಚಾಟಿನಲ್ಲಿ ಜನ ಹಿಂದಿನ ಮಾತನ್ನು ಅಳಿಸುವುದಿಲ್ಲ, ಮುಂದಿನ ಸಾಲಿನಲ್ಲಿ ತಿದ್ದುತ್ತಾರೆ. "ಮಂಗಳವಾರ ಕೊಡ್ತೀನಿ" ಅಂದವರು ಎರಡು ಮೆಸೇಜ್ ಬಿಟ್ಟು "ಅಲ್ಲ ಅಲ್ಲ, ಬುಧವಾರ" ಅಂದಿರುತ್ತಾರೆ. ಪಟ್ಟಿಗೆ ಹೋಗಬೇಕಾದದ್ದು ಕೊನೆಯ ಮಾತು. "ಅದು", "ಆ ವಿಷಯ", "ನಿನ್ನೆ ಹೇಳಿದ್ದು" ಅಂತ ಇದ್ದರೆ ಮೇಲಕ್ಕೆ ಹೋಗಿ ಯಾವುದರ ಬಗ್ಗೆ ಅಂತ ನೋಡಿ, ಅದರ ಹೆಸರನ್ನೇ ಬರೆದುಕೊಳ್ಳಿ. ಮೇಲ್ ಓದುವವರ ಮುಂದೆ ಚಾಟ್ ಇರುವುದಿಲ್ಲ.

## ಪ್ರತಿ ಮಾತು ಎಷ್ಟು ಗಟ್ಟಿ ಅಂತ ಗುರುತು ಹಾಕಿ

ಅರ್ಥ ಕೆಡುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಇಲ್ಲಿ ನಿಧಾನ ಮಾಡಿ.

ಆಡುಮಾತಿನ ಕನ್ನಡದಲ್ಲಿ ಒಂದು ಮಾತು ಎಷ್ಟು ಖಚಿತ ಅನ್ನುವುದನ್ನು ಹೆಚ್ಚಾಗಿ ವಾಕ್ಯದ ಕೊನೆಯ ಬಾಲವೇ ಹೇಳುತ್ತದೆ. ಅಂತೆ, ಏನೋ, ಅನ್ಸುತ್ತೆ, ನೋಡ್ತೀನಿ, ಬಿಡ್ತೀನಿ, ತಾನೆ, ಅಲ್ವಾ. ಭಾಷೆ ಶಿಷ್ಟ ಮಾಡುವಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ, ಯಾಕೆಂದರೆ ಇವು ಹರಟೆಯ ಹಾಗೆ ಕಾಣುತ್ತವೆ. ಅವನ್ನು ಕತ್ತರಿಸಿದರೆ ಮಾತಿನ ತೂಕವೇ ಬದಲಾಗುತ್ತದೆ.

"ಸರ್ವರ್ ನಾಳೆ ಸರಿ ಹೋಗುತ್ತಂತೆ" ಎಂಬ ಮಾತು ತೆಗೆದುಕೊಳ್ಳಿ. ಬರೆದವರಿಗೆ ಅದು ಸ್ವಂತಕ್ಕೆ ಗೊತ್ತಿಲ್ಲ, ಯಾರೋ ಹೇಳಿದ್ದನ್ನು ದಾಟಿಸುತ್ತಿದ್ದಾರೆ. "ಸರ್ವರ್ ನಾಳೆ ಸರಿಯಾಗಲಿದೆ" ಅಂತ ಬರೆದರೆ ಆ ಭರವಸೆ ಇವರ ತಲೆಗೆ ಬಂತು. "ಸರ್ವರ್ ನಾಳೆ ಸರಿಯಾಗುತ್ತದೆ ಎಂದು ತಾಂತ್ರಿಕ ತಂಡದವರು ತಿಳಿಸಿದ್ದಾರೆ" ಅಂದರೆ ಮೂಲದ ಅರ್ಥ ಹಾಗೇ ಉಳಿಯುತ್ತದೆ. ಯಾರು ಹೇಳಿದ್ದು ಅಂತ ಮೆಸೇಜಿನಲ್ಲಿ ಇಲ್ಲದಿದ್ದರೆ ಕೇಳಿ ತಿಳಿದುಕೊಳ್ಳಬೇಕು.

"ಮುಗಿಸೋಕೆ ನೋಡ್ತೀನಿ" ಅನ್ನುವುದು ಪ್ರಯತ್ನ. "ಮುಗಿಸಿಬಿಡ್ತೀನಿ" ಅನ್ನುವುದು ಮಾತು ಕೊಟ್ಟ ಹಾಗೆ. ಮೊದಲನೆಯದಕ್ಕೆ "ಮುಗಿಸಲು ಪ್ರಯತ್ನಿಸುತ್ತೇನೆ", ಎರಡನೆಯದಕ್ಕೆ "ಮುಗಿಸಿ ಕೊಡುತ್ತೇನೆ". ಎರಡಕ್ಕೂ "ಪೂರ್ಣಗೊಳಿಸಲಾಗುವುದು" ಅಂತ ಬರೆದರೆ ವ್ಯತ್ಯಾಸ ಹೋಯಿತು. ಅದರ ಜೊತೆಗೆ ಯಾರು ಪೂರ್ಣಗೊಳಿಸುತ್ತಾರೆ ಅನ್ನುವುದೂ ಹೋಯಿತು. ಈ "ಲಾಗುವುದು", "ಲಾಗಿದೆ" ಗಂಭೀರವಾಗಿ ಕೇಳುತ್ತದೆ ಅಂತ ಎಲ್ಲ ಕಡೆ ಹಾಕುವ ಅಭ್ಯಾಸ ಇದೆ. ಮಾಡುವವರು ಯಾರು ಅಂತ ಗೊತ್ತಿದ್ದಾಗ ದಯವಿಟ್ಟು ಹಾಕಬೇಡಿ. ಮೆಸೇಜಿನಲ್ಲಿ "ನಾನು ಕೇಳ್ದೆ" ಅಂತ ಇದ್ದರೆ ಮೇಲಿನಲ್ಲೂ "ನಾನು ಕೇಳಿದ್ದೇನೆ" ಅಂತಲೇ ಇರಲಿ. "ನಾನು" ಅಂತ ಬರೆದರೆ ಮರ್ಯಾದೆಗೆ ಕಡಿಮೆ ಏನೂ ಆಗುವುದಿಲ್ಲ.

"ಮಾಡೋಣ" ಇನ್ನೊಂದು ಜಾರುವ ಜಾಗ. "ಮೀಟಿಂಗ್ ಶುಕ್ರವಾರ ಮಾಡೋಣ" ಅನ್ನುವುದು ಕೆಲವು ಸಲ ಸಲಹೆ, ಕೆಲವು ಸಲ ಆಗಲೇ ಆದ ತೀರ್ಮಾನ. ಹಿಂದಿನ ಮೆಸೇಜುಗಳನ್ನು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಸಲಹೆಯಾಗಿದ್ದರೆ "ಶುಕ್ರವಾರ ಸಭೆ ನಡೆಸಬಹುದೇ?" ಅಂತ ಕೇಳಬೇಕು. ತೀರ್ಮಾನವಾಗಿದ್ದರೆ "ಮಾತಾಡಿಕೊಂಡಂತೆ ಶುಕ್ರವಾರ ಸಭೆ ಇದೆ" ಅಂತ ಬರೆಯಬೇಕು.

ಈಗ ನಮ್ಮ ಪಟ್ಟಿಗೆ ಬನ್ನಿ. 2ನೇ ಸಾಲಿನ "ಅನುಮಾನ" ಮೇಲಿನಲ್ಲಿ "ಆಗದಿರುವ ಸಾಧ್ಯತೆ ಇದೆ" ಆಗಬೇಕು. 6ನೇ ಸಾಲಿನ "ಹೆಚ್ಚುಕಮ್ಮಿ" ಉಳಿಯಲೇಬೇಕು, "ಬಹುತೇಕ ಮುಗಿದಿದೆ" ಅಂದರೆ ಸಾಕು. ಅದನ್ನು ಬಿಟ್ಟು "ಮುಗಿದಿದೆ" ಅಂತ ಬರೆದರೆ, ಮ್ಯಾನೇಜರ್ "ಹಾಗಾದರೆ ಅದನ್ನು ಈಗಲೇ ಕಳಿಸಿ" ಅನ್ನಬಹುದು. 7ನೇ ಸಾಲಿನಲ್ಲಿ ಷರತ್ತೂ ಇದೆ, ಭರವಸೆಯೂ ಇದೆ. ಇವೆರಡನ್ನೂ ಬೇರೆ ಬೇರೆ ವಾಕ್ಯಕ್ಕೆ ಹಾಕಬೇಡಿ. ಬೇರೆಯಾದರೆ ಓದುವವರು ದಿನಾಂಕ ಇರುವ ವಾಕ್ಯವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. 10ನೇ ಸಾಲಿನ "ಸರಿ ತಾನೆ" ಪ್ರಶ್ನೆಯ ಹಾಗೆ ಕಂಡರೂ ಹೌದು ಅನ್ನುವ ಉತ್ತರ ನಿರೀಕ್ಷಿಸಿಯೇ ಕೇಳಿದ್ದು. "ಯಾವ ಫಾರ್ಮ್ಯಾಟ್ ಬಳಸಬೇಕು?" ಅಂತ ಕೇಳಿದರೆ ಏನೂ ಗೊತ್ತಿಲ್ಲದವರು ಕೇಳಿದ ಹಾಗಾಗುತ್ತದೆ, ಮ್ಯಾನೇಜರಿಗೆ ಕೆಲಸವೂ ಜಾಸ್ತಿ. "ಹಳೆಯ ನಮೂನೆಯಲ್ಲೇ ಮಾಡುತ್ತಿದ್ದೇನೆ, ಬದಲಾವಣೆ ಬೇಕಿದ್ದರೆ ತಿಳಿಸಿ" ಅಂದರೆ ಮೂಲದ ತೂಕ ಸರಿಯಾಗಿ ಬಂತು.

## ಮೆಸೇಜಿನಲ್ಲಿ ಇಲ್ಲದ್ದನ್ನು ಊಹಿಸಬೇಡಿ, ಕೇಳಿ

ಮೇಲಿಗೆ ಬೇಕಾದ ಕೆಲವು ವಿವರ ಮೆಸೇಜಿನಲ್ಲಿ ಇರುವುದಿಲ್ಲ. ಚಾಟಿನಲ್ಲಿ ಇಬ್ಬರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ.

"ಸೋಮವಾರ", "ನಾಳೆ", "ಬುಧವಾರ" ಇವಕ್ಕೆಲ್ಲ ತಾರೀಖು ಬೇಕು. ಮೇಲನ್ನು ಯಾವ ದಿನ ಓದುತ್ತಾರೋ ಗೊತ್ತಿಲ್ಲ, ಮುಂದೆ ಯಾರಿಗೆ ಫಾರ್ವರ್ಡ್ ಆಗುತ್ತದೋ ಅದೂ ಗೊತ್ತಿಲ್ಲ. ಲೆಕ್ಕ ಹಾಕುವಾಗ ಮೆಸೇಜ್ ಬಂದ ದಿನದಿಂದ ಎಣಿಸಿ, ನೀವು ಮೇಲ್ ಬರೆಯುತ್ತಿರುವ ದಿನದಿಂದಲ್ಲ. ಗುರುವಾರ ರಾತ್ರಿ ಬಂದ ಮೆಸೇಜನ್ನು ಶುಕ್ರವಾರ ಬೆಳಿಗ್ಗೆ ಮೇಲ್ ಮಾಡುತ್ತಿದ್ದರೆ "ನಾಳೆ" ಅಂದರೆ ಇವತ್ತು. ಇಲ್ಲಿ ಒಂದು ದಿನ ತಪ್ಪುವುದು ಬಹಳ ಸುಲಭ. ವಾರವನ್ನೂ ತಾರೀಖನ್ನೂ ಎರಡನ್ನೂ ಬರೆದರೆ, ತಪ್ಪಾಗಿದ್ದರೂ ಓದುವವರ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ಮುಖ್ಯ ವಿಷಯ 9ನೇ ಸಾಲಿನಲ್ಲಿದೆ. "ಇಲ್ಲಾಂದ್ರೆ ಎರಡು ತಿಂಗಳದ್ದು ಮಾತ್ರ ಕಳಿಸ್ಲಾ?" ಏನು ಇಲ್ಲಾಂದ್ರೆ? ನೀವು ಅವರಿಗೆ ಹೇಳದಿದ್ದರೆ ಅಂತಲೋ, ಡೇಟಾ ನಾಳೆ ಬರದಿದ್ದರೆ ಅಂತಲೋ, ಸೋಮವಾರ ಏನಾದರೂ ಬೇಕೇ ಬೇಕು ಅಂತಿದ್ದರೆ ಅಂತಲೋ? ಕಳಿಸುವುದಾದರೆ ಯಾವತ್ತು? ಮೂರೂ ಅರ್ಥ ಹೊಂದುತ್ತವೆ, ಮೂರಕ್ಕೂ ಮ್ಯಾನೇಜರ್ ಕೊಡುವ ಉತ್ತರ ಬೇರೆ. ಚಾಟಿನಲ್ಲಿ ಇದು ತೊಂದರೆ ಆಗುವುದಿಲ್ಲ, ಅವರು ತಕ್ಷಣ "ಏನು?" ಅಂತ ಕೇಳುತ್ತಾರೆ. ಮೇಲಿನಲ್ಲಿ ಆ ಒಂದು ಪ್ರಶ್ನೆಗೆ ಅರ್ಧ ದಿನ ಹೋಗಬಹುದು.

ಮೆಸೇಜ್ ನಿಮ್ಮದೇ ಆಗಿದ್ದರೆ ಉತ್ತರ ನಿಮಗೆ ಗೊತ್ತು, ಬರೆದುಬಿಡಿ. ಬೇರೆಯವರದ್ದನ್ನು ನೀವು ಮೇಲ್ ಮಾಡಿಕೊಡುತ್ತಿದ್ದರೆ ಫೋನ್ ಮಾಡಿ ಕೇಳಿ. ಅವರು ಸಿಗದಿದ್ದರೆ ಅರ್ಥವನ್ನು ನೀವೇ ಆರಿಸಬೇಡಿ. ಮೂಲದಲ್ಲಿ ಇರುವಷ್ಟನ್ನೇ ಬರೆದು, ಕಳಿಸುವ ಮೊದಲು ಅವರಿಗೆ ತೋರಿಸಲು ಆ ಜಾಗವನ್ನು ಗುರುತು ಮಾಡಿಡಿ. ನಮ್ಮ ಉದಾಹರಣೆಯಲ್ಲಿ ಉದ್ಯೋಗಿಯನ್ನು ಕೇಳಿದಾಗ, "ಡೇಟಾ ನಾಳೆ ಬರದಿದ್ರೆ ಸೋಮವಾರಕ್ಕೆ ಎರಡು ತಿಂಗಳದ್ದಾದ್ರೂ ಕೊಡೋಣ ಅಂತ" ಅಂದರು ಅಂತಿಟ್ಟುಕೊಳ್ಳೋಣ. ಈಗ ಎಲ್ಲ ಸ್ಪಷ್ಟವಾಯಿತು.

ಇಲ್ಲದ್ದನ್ನು ಸೇರಿಸುವ ಆಸೆ ಇನ್ನೊಂದು ರೀತಿಯಲ್ಲೂ ಬರುತ್ತದೆ. "ಡೇಟಾ ಸಿಕ್ಕ ಮೂರು ಕೆಲಸದ ದಿನಗಳಲ್ಲಿ ವರದಿ ಕೊಡುತ್ತೇನೆ" ಅಂತ ಬರೆಯಬೇಕು ಅನ್ನಿಸಬಹುದು. ಶುಕ್ರವಾರದಿಂದ ಬುಧವಾರಕ್ಕೆ ಲೆಕ್ಕ ಹಾಗೇ ಬರುತ್ತದಲ್ಲ. ಆದರೆ ಮೂಲದಲ್ಲಿ ಆ ಮಾತು ಇಲ್ಲ. ಡೇಟಾ ಮುಂದಿನ ಗುರುವಾರ ಬಂದರೆ ಆಗ ಅವರ ಕೈಯಲ್ಲಿ ಬೇರೆ ಕೆಲಸ ಇರಬಹುದು. ಒಂದು ದಿನಕ್ಕೆ ಕೊಟ್ಟ ಮಾತನ್ನು ನಿಯಮ ಮಾಡಿಬಿಡಬಾರದು.

## ಕ್ರಮ ಬದಲಿಸಿ

ಚಾಟ್ ಮೆಸೇಜ್ ಮನಸ್ಸಿಗೆ ಬಂದ ಕ್ರಮದಲ್ಲಿ ಹೋಗುತ್ತದೆ. ಮೇಲ್ ಓದುವವರಿಗೆ ಬೇಕಾದ ಕ್ರಮವೇ ಬೇರೆ: ಏನಾಗಿದೆ, ಯಾಕೆ, ಈಗ ಎಲ್ಲಿದೆ, ನನ್ನಿಂದ ಏನು ಬೇಕು. ಪಟ್ಟಿಯ ಸಾಲುಗಳನ್ನು ಹಾಗೆ ಜೋಡಿಸಿಕೊಳ್ಳಿ. 1, 2, 3 ಮೊದಲು. 4, 5 ಕಾರಣ. 6, 7 ಈಗಿನ ಸ್ಥಿತಿ ಮತ್ತು ಮುಂದಿನ ದಿನಾಂಕ. 8, 9 ಕೋರಿಕೆ. 10 ಕೊನೆಗೆ. ನಮ್ಮ ಮೆಸೇಜ್ ಅದೃಷ್ಟಕ್ಕೆ ಹೆಚ್ಚುಕಮ್ಮಿ ಇದೇ ಕ್ರಮದಲ್ಲಿತ್ತು. ಎಷ್ಟೋ ಸಲ ಕೋರಿಕೆ ಮಧ್ಯದಲ್ಲೆಲ್ಲೋ ಹೂತುಹೋಗಿರುತ್ತದೆ. ಒಂದಕ್ಕಿಂತ ಹೆಚ್ಚು ಕೋರಿಕೆ ಇದ್ದರೆ ಅಂಕಿ ಹಾಕಿ ಬರೆಯಿರಿ. "1ಕ್ಕೆ ಸರಿ, 2ಕ್ಕೆ ಬೇಡ" ಅಂತ ಒಂದೇ ಸಾಲಿನಲ್ಲಿ ಅವರು ಉತ್ತರ ಕೊಡಬಹುದು.

ವಿಷಯದ ಸಾಲನ್ನು ಎಲ್ಲ ಬರೆದಾದ ಮೇಲೆ ಬರೆಯಿರಿ. ಫೋನಿನಲ್ಲಿ ಅದರ ಮೊದಲ ಕೆಲವು ಪದ ಮಾತ್ರ ಕಾಣುತ್ತದೆ, ಹಾಗಾಗಿ ಯಾವುದರ ಬಗ್ಗೆ ಅನ್ನುವುದು ಮೊದಲು ಬರಲಿ. "ವರದಿ ಕುರಿತು" ಅಂದರೆ ಏನೂ ಹೇಳಿದಂತಾಗಲಿಲ್ಲ. "ವರದಿ ವಿಳಂಬ" ಅಂದರೆ ಅನುಮಾನವನ್ನು ಖಚಿತ ಮಾಡಿದಂತಾಯಿತು. ಮೇಲಿನ ಒಳಗೆ ಎಷ್ಟು ಎಚ್ಚರ ವಹಿಸಿದರೂ ವಿಷಯದ ಸಾಲಿನಲ್ಲಿ ಇದು ತಪ್ಪಿಹೋಗುತ್ತದೆ. ಇಡೀ ಮೇಲ್ ಓದದವರೂ ಆ ಸಾಲನ್ನು ಓದಿರುತ್ತಾರೆ.

## ಈಗ ಬರೆಯಿರಿ

> ವಿಷಯ: ಜನವರಿ–ಮಾರ್ಚ್ ಮಾರಾಟ ವರದಿ: ಏಪ್ರಿಲ್ 7ಕ್ಕೆ ಆಗದಿರುವ ಸಾಧ್ಯತೆ, ನಿಮ್ಮ ಉತ್ತರ ಬೇಕು
>
> ನಮಸ್ಕಾರ ಮೇಡಂ,
>
> ಜನವರಿ–ಮಾರ್ಚ್ ಅವಧಿಯ ಮಾರಾಟ ವರದಿಯನ್ನು ಸೋಮವಾರ (ಏಪ್ರಿಲ್ 7) ಕೊಡುವುದಾಗಿ ತಿಳಿಸಿದ್ದೆ. ಅಂದು ಪೂರ್ತಿ ವರದಿ ಕೊಡಲು ಆಗದಿರುವ ಸಾಧ್ಯತೆ ಇದೆ, ಕ್ಷಮಿಸಿ. ಮಾರಾಟ ತಂಡದಿಂದ ಮಾರ್ಚ್ ತಿಂಗಳ ಡೇಟಾ ಇನ್ನೂ ಬಂದಿಲ್ಲ. ನಾನು ಎರಡು ಬಾರಿ ಕೇಳಿದ್ದೇನೆ.
>
> ಜನವರಿ ಮತ್ತು ಫೆಬ್ರವರಿಯ ಭಾಗ ಬಹುತೇಕ ಮುಗಿದಿದೆ. ಮಾರ್ಚ್ ಡೇಟಾ ನಾಳೆ, ಶುಕ್ರವಾರ (ಏಪ್ರಿಲ್ 4) ಸಿಕ್ಕಿದರೆ ಪೂರ್ತಿ ವರದಿಯನ್ನು ಬುಧವಾರ (ಏಪ್ರಿಲ್ 9) ಕೊಡುತ್ತೇನೆ.
>
> ಎರಡು ವಿಷಯಕ್ಕೆ ನಿಮ್ಮ ಉತ್ತರ ಬೇಕಿತ್ತು:
>
> 1. ಡೇಟಾ ಕಳಿಸುವಂತೆ ಮಾರಾಟ ತಂಡಕ್ಕೆ ನೀವು ಒಮ್ಮೆ ತಿಳಿಸಬಹುದೇ?
> 2. ಡೇಟಾ ನಾಳೆ ಬರದಿದ್ದರೆ, ಜನವರಿ–ಫೆಬ್ರವರಿಯ ವರದಿಯನ್ನಷ್ಟೇ ಸೋಮವಾರ ಕಳಿಸಲೇ?
>
> ವರದಿಯನ್ನು ಹಳೆಯ ನಮೂನೆಯಲ್ಲೇ ಮಾಡುತ್ತಿದ್ದೇನೆ. ಬದಲಾವಣೆ ಬೇಕಿದ್ದರೆ ದಯವಿಟ್ಟು ತಿಳಿಸಿ.
>
> ವಂದನೆಗಳೊಂದಿಗೆ,
> (ಹೆಸರು)

ಇಲ್ಲಿ ಗಮನಿಸಬೇಕಾದ ಒಂದೆರಡು ವಿಷಯ ಇವೆ. "ಡೇಟಾ" ಅನ್ನುವ ಪದವನ್ನು ಹಾಗೇ ಬಿಟ್ಟಿದೆ. ಆ ಕಚೇರಿಯಲ್ಲಿ ಎಲ್ಲರೂ ಡೇಟಾ ಅಂತಲೇ ಕರೆಯುತ್ತಿದ್ದರೆ "ದತ್ತಾಂಶ" ಅಂತ ಬದಲಿಸಿದರೆ ಲಾಭವಿಲ್ಲ, ಯಾವ ಕಡತದ ಬಗ್ಗೆ ಹೇಳುತ್ತಿದ್ದಾರೆ ಅಂತ ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಹೆಸರಿರುವ ವಸ್ತುವಿನ ಹೆಸರನ್ನು ಬದಲಿಸಬೇಡಿ. ಕ್ರಿಯಾಪದಗಳು ಪೂರ್ತಿ ರೂಪಕ್ಕೆ ಬಂದರೆ, ಅಂದರೆ "ಕೊಡ್ತೀನಿ" ಹೋಗಿ "ಕೊಡುತ್ತೇನೆ" ಆದರೆ, ಔಪಚಾರಿಕತೆಯ ಮುಕ್ಕಾಲು ಪಾಲು ಬಂದ ಹಾಗೇ. "ಸದರಿ", "ಮೇಲ್ಕಂಡ", "ಈ ಮೂಲಕ" ಬೇಕಾಗಲಿಲ್ಲ. ಮೆಸೇಜಿನಲ್ಲಿ "ನೀವು" ಅಂತಿತ್ತು, ಮೇಲಿನಲ್ಲೂ "ನೀವು". ನಿಮ್ಮಲ್ಲಿ "ತಾವು" ಅನ್ನುವ ರೂಢಿ ಇದ್ದರೆ ಕೊನೆತನಕ "ತಾವು" ಇರಲಿ. ಒಂದೇ ಮೇಲಿನಲ್ಲಿ ಎರಡೂ ಬಂದರೆ ಬೇರೆ ಕಡೆಯಿಂದ ತಂದು ಅಂಟಿಸಿದ ಹಾಗೆ ಕಾಣುತ್ತದೆ.

ಎಮೋಜಿಯ ಜಾಗಕ್ಕೆ "ಕ್ಷಮಿಸಿ" ಬಂದಿದೆ. ಒಂದೇ ಪದ. ಮೂಲದಲ್ಲಿ ಇದ್ದ ಮುಜುಗರವೂ ಅಷ್ಟೇ. "ಉಂಟಾದ ಅನಾನುಕೂಲತೆಗೆ ತೀವ್ರ ವಿಷಾದ ವ್ಯಕ್ತಪಡಿಸುತ್ತೇನೆ" ಅಂತ ಬರೆದಿದ್ದರೆ ದೊಡ್ಡ ತಪ್ಪು ನಡೆದು ಹೋಗಿದೆ ಅನ್ನುವ ಭಾವ ಬರುತ್ತಿತ್ತು. ಕೈ ಮುಗಿದ ಎಮೋಜಿ ಇದ್ದರೆ ಮುಂದಿನ ಮಾತು ನೋಡಬೇಕು. ಕೋರಿಕೆಯ ಜೊತೆ ಬಂದರೆ ಅದು "ದಯವಿಟ್ಟು", ಕೆಲಸ ಆದಮೇಲೆ ಬಂದರೆ "ಧನ್ಯವಾದ". ಹೆಬ್ಬೆರಳಿನ ಗುರುತನ್ನು ಮಾತ್ರ ಒಪ್ಪಿಗೆ ಅಂತ ಮೇಲಿನಲ್ಲಿ ಬರೆಯಬೇಡಿ. ಅದು "ಆಯ್ತು, ಒಪ್ಪಿದೆ" ಆಗಿರಬಹುದು, "ನೋಡಿದೆ" ಅಷ್ಟೇ ಆಗಿರಬಹುದು.

ಸಿಟ್ಟಿನ ಮೆಸೇಜ್ ಆಗಿದ್ದರೆ? "ಇದು ಮೂರನೇ ಸಲ ಹೀಗಾಗ್ತಿರೋದು!! ಹೀಗಾದ್ರೆ ನಾವು ಕೆಲ್ಸ ಮಾಡೋದ್ ಹೇಗೆ??" ಇಂಥದ್ದನ್ನು ನಯ ಮಾಡಲು ಹೋಗಿ ಸಿಟ್ಟಿನ ಜೊತೆ ದೂರನ್ನೂ ಅಳಿಸಿಬಿಡುತ್ತಾರೆ. ಅದು ಬರೆದವರಿಗೆ ಮಾಡುವ ಅನ್ಯಾಯ. ಆಶ್ಚರ್ಯಚಿಹ್ನೆ ಹೋಗಲಿ, "ಮೂರನೇ ಸಲ" ಉಳಿಯಲಿ. "ಇದೇ ತೊಂದರೆ ಇದು ಮೂರನೇ ಬಾರಿ ಆಗುತ್ತಿದೆ. ಇದರಿಂದ ನಮ್ಮ ಕೆಲಸ ನಿಲ್ಲುತ್ತಿದೆ." ಸಿಟ್ಟಿಗೆ ಕಾರಣವಾದ ಸಂಗತಿ ಮೊದಲ ವಾಕ್ಯದಲ್ಲಿದೆ. "ಕೆಲ್ಸ ಮಾಡೋದ್ ಹೇಗೆ" ಅನ್ನುವುದು ಉತ್ತರ ಬಯಸಿ ಕೇಳಿದ ಪ್ರಶ್ನೆ ಅಲ್ಲ, ಅದಕ್ಕೇ ಹೇಳಿಕೆ ಆಯಿತು.

## ಯಾರಿಗೆ ಹೋಗುತ್ತದೆ ಅಂತ ನೋಡಿ ಮತ್ತೊಮ್ಮೆ ಓದಿ

ಪದ ಒಂದೂ ಬದಲಾಗದೆ ಅರ್ಥ ಬದಲಾಗುವುದು ಇಲ್ಲಿ. "ನಾನು ಎರಡು ಬಾರಿ ಕೇಳಿದ್ದೇನೆ" ಅನ್ನುವ ವಾಕ್ಯವನ್ನು ಮ್ಯಾನೇಜರ್ ಒಬ್ಬರೇ ಓದಿದರೆ ಅದು ಮಾಹಿತಿ, ನನ್ನ ಪ್ರಯತ್ನ ಮಾಡಿದ್ದೇನೆ ಅಂತ. ಅದೇ ಮೇಲಿಗೆ ಮಾರಾಟ ತಂಡದವರನ್ನು ಸಿಸಿಯಲ್ಲಿ ಸೇರಿಸಿದರೆ ಅವರ ಕಣ್ಣಿಗೆ ಅದು ಎಲ್ಲರ ಮುಂದೆ ಹಾಕಿದ ದೂರು. ಮೂಲ ಮೆಸೇಜ್ ಇಬ್ಬರ ನಡುವಿನದ್ದಾಗಿತ್ತು. ಮೇಲ್ ಕೂಡ ಆ ಇಬ್ಬರಿಗೇ ಹೋದರೆ ಅರ್ಥ ಉಳಿಯುತ್ತದೆ. ಅವರನ್ನೂ ಸೇರಿಸಲೇಬೇಕು ಅಂತಿದ್ದರೆ ಆ ಸಾಲಿಗೆ ದಿನಾಂಕ ಕೊಡಿ: "ಮಾರ್ಚ್ 31 ಮತ್ತು ಏಪ್ರಿಲ್ 2ರಂದು ಕೇಳಿದ್ದೆ." ದಿನಾಂಕ ಇದ್ದಾಗ ಅದು ದಾಖಲೆಯ ಹಾಗೆ ಓದಿಸಿಕೊಳ್ಳುತ್ತದೆ, ದಿನಾಂಕ ಇಲ್ಲದೆ ಬರೀ "ಎರಡು ಬಾರಿ" ಅಂದರೆ ಚುಚ್ಚಿದ ಹಾಗೆ. ಆ ದಿನಾಂಕಗಳು ಬರೆದವರಿಗೆ ಖಚಿತವಾಗಿ ಗೊತ್ತಿರಬೇಕು ಅಷ್ಟೇ.

ಇದಕ್ಕೇ ವಿಳಾಸವನ್ನು ಕೊನೆಗೆ ಹಾಕುವುದು ಒಳ್ಳೆಯದು. ಅರ್ಧ ಬರೆದ ಮೇಲ್ ಕೈತಪ್ಪಿ ಹೋಗುವುದಿಲ್ಲ, ಹೆಸರು ಹಾಕುವಾಗ "ಇವರು ಓದಿದರೆ ಹೇಗೆ ಕೇಳುತ್ತದೆ" ಅಂತ ಯೋಚಿಸಲೂ ಅವಕಾಶ ಸಿಗುತ್ತದೆ.

## ಮೇಲನ್ನು ಮತ್ತೆ ಚಾಟ್ ಮಾಡಿ ನೋಡಿ

ಕಳಿಸುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಮೂಲ ಮೆಸೇಜನ್ನು ಮುಚ್ಚಿಡಿ. ಮೇಲನ್ನು ಮಾತ್ರ ಓದುತ್ತಾ, ಗೆಳೆಯರಿಗೆ ಹೇಳುವ ಹಾಗೆ ಆಡುಮಾತಿನಲ್ಲಿ ಅದನ್ನು ಹೇಳಿ. ಆಮೇಲೆ ಮೂಲ ತೆಗೆದು ಎರಡನ್ನೂ ಪಕ್ಕ ಪಕ್ಕ ನೋಡಿ.

ಮೊದಲು ತೋರಿಸಿದ ಅವಸರದ ಮೇಲನ್ನು ಹೀಗೆ ಹೇಳಿದರೆ ಏನು ಬರುತ್ತದೆ? "ಮೇಡಂ, ಸೇಲ್ಸ್‌ನವ್ರು ಲೇಟ್ ಮಾಡಿದ್ರು, ಸೋಮವಾರ ಆಗಲ್ಲ, ಬುಧವಾರ ಕೊಡ್ತೀವಿ, ಅವ್ರಿಗೆ ಸ್ವಲ್ಪ ಹೇಳಿ." ಉದ್ಯೋಗಿ ಇಂಥ ಮೆಸೇಜ್ ಕಳಿಸಿಯೇ ಇರಲಿಲ್ಲ. ಎರಡನೇ ಮೇಲನ್ನು ಹಾಗೆ ಹೇಳಿದರೆ ಮೊದಲಿನ ಮೆಸೇಜೇ ಹೆಚ್ಚುಕಮ್ಮಿ ವಾಪಸ್ ಬರುತ್ತದೆ. ಹೊಸದಾಗಿ ಸೇರಿರುವುದು ತಾರೀಖುಗಳು, ವರದಿಯ ಪೂರ್ತಿ ಹೆಸರು, "ಇಲ್ಲಾಂದ್ರೆ" ಅಂದರೆ ಏನು ಅನ್ನುವುದು. ಮೂರೂ ಬರೆದವರಿಗೆ ಗೊತ್ತಿದ್ದವೇ.

ಹೋಲಿಸುವಾಗ ಇಡೀ ಮೇಲನ್ನು ಒಟ್ಟಿಗೆ ನೋಡಬೇಡಿ, ಪಟ್ಟಿಯ ಸಾಲುಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಿ. ಆಮೇಲೆ ಉಲ್ಟಾ ಮಾಡಿ: ಮೇಲಿನ ಪ್ರತಿ ವಾಕ್ಯವನ್ನು ಹಿಡಿದು, ಇದು ಪಟ್ಟಿಯ ಯಾವ ಸಾಲಿನಿಂದ ಬಂತು ಅಂತ ಕೇಳಿಕೊಳ್ಳಿ. ಮೊದಲ ಸುತ್ತಿನಲ್ಲಿ ಬಿಟ್ಟುಹೋದದ್ದು ಸಿಗುತ್ತದೆ, ಎರಡನೆಯದರಲ್ಲಿ ಸುಮ್ನೆ ಸೇರಿಕೊಂಡದ್ದು ಸಿಗುತ್ತದೆ. ಎರಡನೇ ಸುತ್ತನ್ನು ಜನ ಬಿಟ್ಟುಬಿಡುತ್ತಾರೆ. "ಶೀಘ್ರದಲ್ಲೇ ಕ್ರಮ ಕೈಗೊಳ್ಳುತ್ತೀರೆಂದು ನಂಬಿದ್ದೇನೆ" ಅನ್ನುವಂಥ ಸಾಲು ಬೆರಳಿಗೆ ತಾನಾಗಿ ಬರುವುದು ಮೇಲಿನ ಕೊನೆಯಲ್ಲೇ. ಮೂಲದಲ್ಲಿ ಅಂಥ ಒತ್ತಾಯ ಇರಲಿಲ್ಲ ಅಂದಮೇಲೆ ತೆಗೆಯಬೇಕು.

ಬೇರೆಯವರ ಪರವಾಗಿ ಬರೆದಿದ್ದರೆ ಕಳಿಸುವ ಮೊದಲು ಅವರಿಗೆ ತೋರಿಸಿ. "ಸರಿ ಇದೆಯಾ?" ಅಂತ ಕೇಳಿದರೆ ಎಲ್ಲರೂ ಸರಿ ಇದೆ ಅಂತಲೇ ಹೇಳುತ್ತಾರೆ. "ಬುಧವಾರ ಅಂತ ಬರೆದಿದ್ದೀನಿ, ಆದರೆ ನಾಳೆ ಡೇಟಾ ಬಂದರೆ ಮಾತ್ರ ಅಂತ. ನೀವು ಹೇಳಿದ್ದು ಇದೇ ತಾನೆ?" ಅಂತ ಆ ಜಾಗವನ್ನೇ ಹಿಡಿದು ಕೇಳಿ.

ಮೇಲ್ ಕಳಿಸಿದ ಮೇಲೆ ಚಾಟಿಗೆ ಹೋಗಿ ಒಂದು ಸಾಲು ಹಾಕಿ: "ಮೇಡಂ, ಈ ವಿಷಯ ಮೇಲ್ ಮಾಡಿದ್ದೀನಿ, ಉತ್ತರ ಅದರಲ್ಲೇ ಕೊಡಿ." ಅವರು ಆಗಲೇ ಚಾಟಿನಲ್ಲಿ "ಎರಡು ತಿಂಗಳದ್ದು ಕಳಿಸಿ ಸಾಕು" ಅಂತ ಹೇಳಿಬಿಟ್ಟಿದ್ದರೆ, ಅದೇ ಮೇಲಿಗೆ ರಿಪ್ಲೈ ಮಾಡಿ "2ನೇ ವಿಷಯಕ್ಕೆ ನೀವು ಚಾಟಿನಲ್ಲಿ ತಿಳಿಸಿದಂತೆ, ಜನವರಿ–ಫೆಬ್ರವರಿಯ ವರದಿಯನ್ನು ಸೋಮವಾರ (ಏಪ್ರಿಲ್ 7) ಕಳಿಸುತ್ತೇನೆ" ಅಂತ ಬರೆದಿಡಿ. ವಿಷಯದ ಸಾಲನ್ನು ಬದಲಿಸಬೇಡಿ, ಬದಲಿಸಿದರೆ ಕೋರಿಕೆ ಒಂದು ಕಡೆ, ಉತ್ತರ ಇನ್ನೊಂದು ಕಡೆ ಆಗಬಹುದು.